ಇಂಟರ್‌ಕೂಲರ್ ಹಾಕಿದರೆ ಗ್ಯಾಸ್ ಟರ್ಬೈನಿನ ದಕ್ಷತೆ ಇಳಿಯುತ್ತದೆಯಾ? ಲೆಕ್ಕ ಹಾಗೇ ಹೇಳುತ್ತಿದೆ

ಸಹನಾ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ 5ನೇ ಸೆಮಿಸ್ಟರ್ ಓದುತ್ತಿದ್ದೇನೆ. ಗ್ಯಾಸ್ ಟರ್ಬೈನಿನ ಒಂದು ಲೆಕ್ಕ ಎರಡು ದಿನದಿಂದ ತಲೆ ತಿನ್ನುತ್ತಿದೆ.

ಗಾಳಿ 300 ಕೆಲ್ವಿನ್‌ನಲ್ಲಿ ಒಳಗೆ ಬರುತ್ತದೆ. ಟರ್ಬೈನಿಗೆ ಹೋಗುವಾಗ 1300 ಕೆಲ್ವಿನ್. ಪ್ರೆಶರ್ ರೇಶಿಯೋ 8. ಸದ್ಯಕ್ಕೆ ನಷ್ಟ ಏನೂ ಇಲ್ಲ ಅಂತ ಇಟ್ಟುಕೊಂಡಿದ್ದೇನೆ. ಕಂಪ್ರೆಸರ್ ಒಂದೇ ಹಂತದ್ದಾದರೆ ಒಂದು ಕೆಜಿ ಗಾಳಿಗೆ 341 ಕಿಲೋಜೂಲ್ ನಿವ್ವಳ ಕೆಲಸ ಸಿಗುತ್ತದೆ, ದಕ್ಷತೆ ಶೇ 44.8. ಅದನ್ನೇ ಎರಡು ಸಮ ಹಂತ ಮಾಡಿ, ನಡುವೆ ಗಾಳಿಯನ್ನು ಮತ್ತೆ 300 ಕೆಲ್ವಿನ್‌ಗೆ ತಣಿಸಿದೆ. ಕೆಲಸ 377 ಕಿಲೋಜೂಲ್ ಆಯಿತು, ಆದರೆ ದಕ್ಷತೆ ಶೇ 41.8ಕ್ಕೆ ಇಳಿಯಿತು.

ಕಂಪ್ರೆಸರ್ ಕಡಿಮೆ ಕೆಲಸ ತಿನ್ನುತ್ತಿದೆ, ನಮ್ಮ ಕೈಗೆ ಜಾಸ್ತಿ ಕೆಲಸ ಬರುತ್ತಿದೆ. ಮತ್ತೆ ದಕ್ಷತೆ ಯಾಕೆ ಇಳಿಯಬೇಕು? "ಬಿಸಿ ಜಾಸ್ತಿ ಕೊಡಬೇಕಲ್ಲ" ಅನ್ನುವ ಉತ್ತರ ಗೊತ್ತಿದೆ. ಆದರೆ ಆ ಜಾಸ್ತಿ ಬಿಸಿಯಿಂದ ಜಾಸ್ತಿ ಕೆಲಸವೂ ಬಂತಲ್ಲ? ಇಳಿಯಲೇಬೇಕು ಅನ್ನುವುದಕ್ಕೆ ಒಳಗಿನ ಕಾರಣ ಏನು?

ಕಿರಣ್_ಆರ್‌ಆರ್‌ನಗರ

ಎಲ್ಲೋ ತಪ್ಪಾಗಿದೆ. ಕಂಪ್ರೆಸರ್ ಕೆಲಸ ಕಡಿಮೆ ಆದರೆ ದಕ್ಷತೆ ಏರಲೇಬೇಕು. ಇಂಟರ್‌ಕೂಲಿಂಗ್ ಇರುವುದೇ ಅದಕ್ಕೆ ಅಲ್ವಾ? ಕಂಬಸ್ಟರಿಗೆ ಹೋಗುವ ತಾಪಮಾನ ಇನ್ನೊಂದು ಸಲ ನೋಡಿ.

ಸಹನಾ_ಬಸವನಗುಡಿ

ನೋಡಿದೆ ಕಿರಣ್. ಒಂದೇ ಹಂತದಲ್ಲಿ 543 ಕೆಲ್ವಿನ್, ತಣಿಸಿದಾಗ 404 ಕೆಲ್ವಿನ್. ಅಂದರೆ ಕೆಜಿಗೆ 140 ಕಿಲೋಜೂಲ್ ಬಿಸಿ ಜಾಸ್ತಿ ಬೇಕು. ಕೆಲಸ ಜಾಸ್ತಿ ಆಗಿದ್ದು 36 ಮಾತ್ರ.

ಪೀಣ್ಯ_ಮಂಜಣ್ಣ

ನಮ್ಮ ವರ್ಕ್‌ಶಾಪಿನಲ್ಲಿ ಎರಡು ಹಂತದ ಏರ್ ಕಂಪ್ರೆಸರ್ ಇದೆ. ನಡುವೆ ಫಿನ್ ಇರುವ ಇಂಟರ್‌ಕೂಲರ್ ಕೊಳವೆ. ಕಳೆದ ಬೇಸಿಗೆಯಲ್ಲಿ ಮೋಟರ್ ಕರೆಂಟ್ ಜಾಸ್ತಿ ಎಳೆಯಲು ಶುರು ಮಾಡಿತು. ನೋಡಿದರೆ ಫಿನ್ ಸಂದಿಯಲ್ಲಿ ಎಣ್ಣೆ, ಗ್ರೈಂಡಿಂಗ್ ಧೂಳು ಸೇರಿ ಕಪ್ಪು ಜಿಡ್ಡು ಕಟ್ಟಿತ್ತು. ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಗಾಳಿ ಹೊಡೆದ ಮೇಲೆ ಕರೆಂಟ್ ಇಳಿಯಿತು. ನಮಗಂತೂ ಇಂಟರ್‌ಕೂಲರಿನಿಂದ ಲಾಭವೇ. ನಷ್ಟ ಅನ್ನೋದು ನಾನಂತೂ ಒಪ್ಪಲ್ಲ.

ಟರ್ಬೈನ್_ರಾಯರು

ಮಂಜಣ್ಣ, ನೀವು ಹೇಳುವುದು ನಿಮ್ಮ ಯಂತ್ರಕ್ಕೆ ಪೂರ್ತಿ ಸರಿ. ನಿಮಗೆ ಬೇಕಿರುವುದು ಒತ್ತಡ ಇರುವ ಗಾಳಿ, ಬಿಸಿ ಗಾಳಿ ಅಲ್ಲ. ಟ್ಯಾಂಕಿಗೆ ಹೋದ ಮೇಲೆ ಅದು ಹೇಗೂ ತಣ್ಣಗಾಗುತ್ತದೆ. ಆ ಬಿಸಿಯನ್ನು ನಡುವೆಯೇ ತೆಗೆದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಗ್ಯಾಸ್ ಟರ್ಬೈನಿನಲ್ಲಿ ಕಂಪ್ರೆಸರಿನ ಮುಂದೆಯೇ ಬೆಂಕಿ ಇದೆ. ಅಲ್ಲಿ ಗಾಳಿ ಬಿಸಿಯಾಗಿ ಬಂದಷ್ಟೂ ಇಂಧನ ಉಳಿಯುತ್ತದೆ. ನಡುವೆ ತೆಗೆದ ಬಿಸಿಯನ್ನು ಇಂಧನ ಸುಟ್ಟು ವಾಪಸ್ ಕೊಡಬೇಕು.

ಸಹನಾ ಅವರೇ, ನಿಮ್ಮ ಲೆಕ್ಕ ಸರಿ ಇದೆ. ಒಳಗಿನ ಕಾರಣ ನಿಮ್ಮ ಅಂಕಿಗಳಲ್ಲೇ ಕೂತಿದೆ. 36ನ್ನು 140ರಿಂದ ಭಾಗಿಸಿ. ಶೇ 25.7 ಬರುತ್ತದೆ. ಈಗ ನಿಮ್ಮ ಒಂದೊಂದು ಹಂತದಷ್ಟೇ, ಅಂದರೆ ಬರೀ 2.83 ಪ್ರೆಶರ್ ರೇಶಿಯೋ ಇರುವ ಒಂದು ಸಾದಾ ಬ್ರೇಟನ್ ಸೈಕಲ್ ತೆಗೆದುಕೊಂಡು ದಕ್ಷತೆ ಹಾಕಿ ನೋಡಿ:

η = 1 − 1/r^0.2857

ಅದೂ ಶೇ 25.7. ಇದು ಕಾಕತಾಳೀಯ ಅಲ್ಲ. ಪೇಪರಿನಲ್ಲಿ T-s ಚಿತ್ರ ಬರೆಯಿರಿ. ಮೊದಲು ಒಂದೇ ಹಂತದ ಸೈಕಲ್. ಆಮೇಲೆ ಇಂಟರ್‌ಕೂಲರಿನಿಂದ ಎಡಗಡೆ ಹೊಸದಾಗಿ ಸೇರಿದ ಜಾಗವನ್ನು ಪೆನ್ಸಿಲ್‌ನಲ್ಲಿ ತುಂಬಿ. ಆ ಜಾಗಕ್ಕೆ ನಾಲ್ಕು ಗೋಡೆ ಇವೆ. ಕೆಳಗೆ ನಡುವಿನ ಒತ್ತಡದ ಗೆರೆ, ಮೇಲೆ 8 ಬಾರ್ ಗೆರೆ, ಎಡಕ್ಕೆ ಎರಡನೇ ಹಂತದ ಕಂಪ್ರೆಶನ್, ಬಲಕ್ಕೆ ಹಳೇ ಕಂಪ್ರೆಶನ್ ಗೆರೆಯ ಮೇಲಿನ ಅರ್ಧ. ಅದು ತಾನಾಗೇ ಒಂದು ಪುಟ್ಟ ಬ್ರೇಟನ್ ಸೈಕಲ್. ಅದರ ಪ್ರೆಶರ್ ರೇಶಿಯೋ 8 ಅಲ್ಲ, 2.83 ಮಾತ್ರ.

ಅಂದರೆ ಶೇ 44.8 ದಕ್ಷತೆಯ ದೊಡ್ಡ ಯಂತ್ರದ ಪಕ್ಕಕ್ಕೆ ಶೇ 25.7ರ ಸಣ್ಣ ಯಂತ್ರ ಒಂದನ್ನು ನೀವು ಅಂಟಿಸಿದ್ದೀರಿ. ಸರಾಸರಿ 45 ಇರುವ ಬ್ಯಾಟ್ಸ್‌ಮನ್ ಮುಂದಿನ ಇನ್ನಿಂಗ್ಸ್‌ನಲ್ಲಿ 26 ಹೊಡೆದು ಔಟಾದರೆ ಒಟ್ಟು ರನ್ ಏರುತ್ತದೆ, ಸರಾಸರಿ ಇಳಿಯುತ್ತದೆ. ಅಷ್ಟೇ ವಿಷಯ.

ಸಹನಾ_ಬಸವನಗುಡಿ

ಅಯ್ಯೋ, ಎಷ್ಟು ಚೆನ್ನಾಗಿದೆ ಇದು! ಈಗಲೇ ಚಿತ್ರ ಬರೆದೆ. ಹೌದು, ನಾಲ್ಕು ಗೋಡೆಯೂ ಕಾಣುತ್ತಿವೆ.

ಹಳೇ_ಮೇಷ್ಟ್ರು

ರಾಯರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಹುಡುಗರು "ಇಂಟರ್‌ಕೂಲಿಂಗ್‌ನಿಂದ ದಕ್ಷತೆ ಹೆಚ್ಚುತ್ತದೆ" ಅಂತ ಪರೀಕ್ಷೆಯಲ್ಲಿ ಬರೆಯುವುದು ಯಾಕೆ ಅಂದರೆ, ಪಾಠದಲ್ಲಿ ಇಂಟರ್‌ಕೂಲಿಂಗ್ ಮತ್ತು ರೀಜನರೇಶನ್ ಒಟ್ಟಿಗೆ ಬರುತ್ತವೆ. ಜೋಡಿಯ ಫಲವನ್ನು ಒಂದರ ಹೆಸರಿಗೆ ಬರೆದುಬಿಡುತ್ತಾರೆ. ಸಹನಾ, ಟರ್ಬೈನ್ ಬಿಟ್ಟ ಹೊಗೆಯ ಬಿಸಿಯನ್ನು ಕಂಬಸ್ಟರಿಗೆ ಹೋಗುವ ಗಾಳಿಗೆ ದಾಟಿಸುವ ರೀಜನರೇಟರನ್ನು ಅದೇ ಲೆಕ್ಕಕ್ಕೆ ಸೇರಿಸಿ ನೋಡಮ್ಮ.

ಕಿರಣ್_ಆರ್‌ಆರ್‌ನಗರ

ರೀಜನರೇಟರ್ ಹಾಕಿದರೆ ಕೆಲಸವೂ ಹೆಚ್ಚುತ್ತೆ, ದಕ್ಷತೆಯೂ ಹೆಚ್ಚುತ್ತೆ. ಅದರಲ್ಲಿ ಅನುಮಾನವೇ ಇಲ್ಲ.

ಹಳೇ_ಮೇಷ್ಟ್ರು

ದಕ್ಷತೆಯ ಮಾತು ಸರಿ. ಕೆಲಸ ಹೆಚ್ಚಲ್ಲ ಕಿರಣ್. ಕಂಪ್ರೆಸರ್ ಅದೇ, ಟರ್ಬೈನ್ ಅದೇ, ಅವುಗಳ ಬಾಯಿಯ ತಾಪಮಾನವೂ ಅದೇ. ರೀಜನರೇಟರ್ ಮಾಡುವುದು ಇಂಧನ ಉಳಿಸುವ ಕೆಲಸ ಮಾತ್ರ. ನಿಜವಾದ ಯಂತ್ರದಲ್ಲಿ ನಿವ್ವಳ ಕೆಲಸ ಸ್ವಲ್ಪ ಕಡಿಮೆಯೇ ಆಗುತ್ತದೆ. ಆ ಸಣ್ಣ ಸಂದಿಗಳಲ್ಲಿ ಗಾಳಿಯೂ ಹೊಗೆಯೂ ನುಸುಳುವಾಗ ಒತ್ತಡ ಬೀಳುತ್ತದೆ.

ಸಹನಾ_ಬಸವನಗುಡಿ

ಮಾಡಿದೆ ಸರ್. ರೀಜನರೇಟರ್ ಶೇ 80ರಷ್ಟು ಪರಿಣಾಮಕಾರಿ ಅಂತ ಇಟ್ಟುಕೊಂಡೆ. ಇಂಟರ್‌ಕೂಲರ್ ಇಲ್ಲದೆ ದಕ್ಷತೆ ಶೇ 54.9. ಇಂಟರ್‌ಕೂಲರ್ ಜೊತೆಗೆ ಶೇ 58.1. ಈಗ ಇಂಟರ್‌ಕೂಲರ್ ಹಾಕಿದ್ದಕ್ಕೆ ದಕ್ಷತೆ ಏರಿತು! ಒಂಟಿಯಾಗಿ ಇಳಿಸುತ್ತಿದ್ದದ್ದು ಜೋಡಿಯಲ್ಲಿ ಏರಿಸುತ್ತಿದೆ.

ಟರ್ಬೈನ್_ರಾಯರು

ಯಾಕೆ ಅಂತ ತಾಪಮಾನದಲ್ಲಿ ನೋಡಿ. ಟರ್ಬೈನಿನಿಂದ ಹೊರಬರುವ ಹೊಗೆ 718 ಕೆಲ್ವಿನ್. ಇಂಟರ್‌ಕೂಲರ್ ಇರಲಿ, ಬಿಡಲಿ, ಅದು ಬದಲಾಗುವುದಿಲ್ಲ. ಕಂಪ್ರೆಸರ್ ಬಿಟ್ಟ ಗಾಳಿ ಮೊದಲು 543 ಇತ್ತು. ಹೊಗೆಯಿಂದ ಕಸಿದುಕೊಳ್ಳಲು ಇದ್ದ ಅಂತರ 174 ಡಿಗ್ರಿ. ಇಂಟರ್‌ಕೂಲರ್ ಬಂದ ಮೇಲೆ ಗಾಳಿ 404 ಕೆಲ್ವಿನ್‌ಗೆ ಬರುತ್ತದೆ. ಅಂತರ 314 ಡಿಗ್ರಿ ಆಯಿತು. ಮೊದಲು ಇಂಧನದಿಂದ ತುಂಬಬೇಕಿದ್ದ ಆ 140 ಕಿಲೋಜೂಲನ್ನು ಈಗ ಹೆಚ್ಚುಪಾಲು ಚಿಮಣಿಗೆ ಹೋಗುವ ಬಿಸಿಯೇ ತುಂಬುತ್ತದೆ. ಕೆಲಸದ ಲಾಭ ಮಾತ್ರ ಹಾಗೇ ಉಳಿಯಿತು.

ಈ ಆಟಕ್ಕೆ ಪ್ರೆಶರ್ ರೇಶಿಯೋದ ಗಡಿ ಇದೆ. ಇಂಟರ್‌ಕೂಲರ್ ಇಲ್ಲದೆ, ನಿಮ್ಮದೇ 300 ಮತ್ತು 1300 ಇಟ್ಟುಕೊಂಡು ಪ್ರೆಶರ್ ರೇಶಿಯೋ ಏರಿಸುತ್ತಾ ಹೋಗಿ. ಕಂಪ್ರೆಸರ್ ಬಿಡುವ ಗಾಳಿ ಬಿಸಿಯಾಗುತ್ತಾ ಹೋಗುತ್ತದೆ, ಟರ್ಬೈನ್ ಬಿಡುವ ಹೊಗೆ ತಣ್ಣಗಾಗುತ್ತಾ ಬರುತ್ತದೆ. 13ರ ಹತ್ತಿರ ಎರಡೂ ಒಂದೇ ತಾಪಮಾನಕ್ಕೆ ಬರುತ್ತವೆ, ಸುಮಾರು 625 ಕೆಲ್ವಿನ್. ಅಲ್ಲಿ ರೀಜನರೇಟರಿಗೆ ಕೆಲಸವೇ ಇಲ್ಲ. 20ಕ್ಕೆ ಹೋದರೆ ಗಾಳಿ 706, ಹೊಗೆ 552. ಅಲ್ಲಿ ರೀಜನರೇಟರ್ ಇಟ್ಟರೆ ಕಂಬಸ್ಟರಿಗೆ ಹೋಗಬೇಕಾದ ಬಿಸಿ ಗಾಳಿಯನ್ನು ಹೊಗೆಯಿಂದ ತಣಿಸಿದ ಹಾಗಾಗುತ್ತದೆ. ಇಂಧನ ಜಾಸ್ತಿ ಸುಡುತ್ತದೆ.

ಸಹನಾ_ಬಸವನಗುಡಿ

ಗ್ರಾಫ್ ಹಾಕಿದೆ. ನಿವ್ವಳ ಕೆಲಸ ಅತಿ ಹೆಚ್ಚು ಸಿಗುವುದೂ 13ರಲ್ಲೇ. ಕೆಜಿಗೆ 353 ಕಿಲೋಜೂಲ್. ಅದೇ ಜಾಗಕ್ಕೆ ಬರುವುದಕ್ಕೂ ಕಾರಣ ಇದೆಯಾ?

ಹಳೇ_ಮೇಷ್ಟ್ರು

ಇದೆ. ರೇಶಿಯೋವನ್ನು ಒಂದು ಚೂರು ಏರಿಸಿದರೆ ಕಂಪ್ರೆಸರ್ ಜಾಸ್ತಿ ತಿನ್ನುವ ಕೆಲಸ ಅದು ಬಿಡುವ ಗಾಳಿಯ ತಾಪಮಾನಕ್ಕೆ ತಕ್ಕಂತೆ. ಟರ್ಬೈನ್ ಜಾಸ್ತಿ ಕೊಡುವ ಕೆಲಸ ಅದು ಬಿಡುವ ಹೊಗೆಯ ತಾಪಮಾನಕ್ಕೆ ತಕ್ಕಂತೆ. ಎರಡು ತಾಪಮಾನ ಒಂದೇ ಆದ ಜಾಗದಲ್ಲಿ ಗಳಿಕೆ ಮತ್ತು ಖರ್ಚು ಸಮ. ಅದೇ ಶಿಖರ. ನಷ್ಟ ಇರುವ ಯಂತ್ರದಲ್ಲಿ ಈ ಎರಡು ಬಿಂದು ಸ್ವಲ್ಪ ದೂರ ಸರಿಯುತ್ತವೆ, ಅದನ್ನು ಮರೆಯಬೇಡ.

ಯಲಹಂಕ_ಸುರೇಶ

ನಮ್ಮ ಯಲಹಂಕದ 370 ಮೆಗಾವ್ಯಾಟ್ ಗ್ಯಾಸ್ ಸ್ಥಾವರದಲ್ಲೂ ಈ ರೀಜನರೇಟರ್ ಇದೆಯಾ? ದಿನಾ ಆ ಕಡೆಯೇ ಓಡಾಡ್ತೀನಿ, ಚಿಮಣಿ ಬಿಟ್ಟು ಏನೂ ಕಾಣಲ್ಲ.

ಟರ್ಬೈನ್_ರಾಯರು

ಅದು ಕಂಬೈನ್ಡ್ ಸೈಕಲ್ ಸುರೇಶ್. ಟರ್ಬೈನ್ ಬಿಟ್ಟ ಹೊಗೆಯ ಬಿಸಿಯಲ್ಲಿ ಬಾಯ್ಲರ್ ಉಗಿ ಮಾಡುತ್ತದೆ, ಉಗಿಯಿಂದ ಇನ್ನೊಂದು ಟರ್ಬೈನ್ ತಿರುಗುತ್ತದೆ. ಹೊಗೆಯ ಬಿಸಿಯನ್ನು ರೀಜನರೇಟರಿಗೆ ಕೊಟ್ಟುಬಿಟ್ಟರೆ ಬಾಯ್ಲರಿಗೆ ಉಳಿಯುವುದು ಏನು? ದೊಡ್ಡ ಸ್ಥಾವರಗಳಲ್ಲಿ ಆ ಬಿಸಿಗೆ ಉಗಿಯೇ ಒಳ್ಳೇ ಗಿರಾಕಿ. ರೀಜನರೇಟರ್ ಸಿಗುವುದು ಸಣ್ಣ ಯಂತ್ರಗಳಲ್ಲಿ. 30 ಕಿಲೋವ್ಯಾಟ್ ಮೈಕ್ರೋಟರ್ಬೈನುಗಳಲ್ಲಿ ಪ್ರೆಶರ್ ರೇಶಿಯೋ ಬರೀ 4ರ ಆಸುಪಾಸು ಇರುತ್ತದೆ. ರೀಜನರೇಟರ್ ಇಲ್ಲದೆ ಅವು ಬಾಳುವುದೇ ಇಲ್ಲ.

ಯಲಹಂಕ_ಸುರೇಶ

ಥ್ಯಾಂಕ್ಸ್ ರಾಯರೇ. ಇನ್ನೊಂದು ಅನುಮಾನ. ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು. ದಕ್ಷತೆಗೆ ಹೊಡೆತ ಬೀಳಲ್ವಾ?

ಹಳೇ_ಮೇಷ್ಟ್ರು

ಪವರಿಗೆ ಹೊಡೆತ, ದಕ್ಷತೆಗೆ ಹೆಚ್ಚೇನಿಲ್ಲ. ನಾವು 900 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ 10 ಕಡಿಮೆ. ಸೆಕೆಂಡಿಗೆ ಒಳಗೆ ಹೋಗುವ ಗಾಳಿಯ ತೂಕ ಅಷ್ಟೇ ಕಡಿಮೆ, ಹಾಗಾಗಿ ಮೆಗಾವ್ಯಾಟೂ ಅಷ್ಟೇ ಕಡಿಮೆ. ಆದರೆ ದಕ್ಷತೆ ನಿಂತಿರುವುದು ಒತ್ತಡಗಳ ಅನುಪಾತದ ಮೇಲೆ. ಅದು ಹಾಗೇ ಇದೆ.

ಪೀಣ್ಯ_ಮಂಜಣ್ಣ

ರಾಯರೇ, ನಿಮ್ಮ 2.83 ಎಲ್ಲೋ ಕಂಡ ಹಾಗಿದೆ ಅಂತ ನಮ್ಮ ಕಂಪ್ರೆಸರಿನ ಹತ್ತಿರ ಹೋಗಿ ನೋಡಿದೆ. ಎರಡು ಹಂತದ ನಡುವಿನ ಗೇಜ್ 1.9 ಬಾರ್ ತೋರಿಸುತ್ತದೆ. ಟ್ಯಾಂಕ್ 7. ಗಾಳಿಯ ಒತ್ತಡ ಒಂದು ಬಾರ್ ಸೇರಿಸಿದರೆ 2.9 ಮತ್ತು 8. ಸರಿ ಹೊಂದುತ್ತಲ್ಲ!

ಟರ್ಬೈನ್_ರಾಯರು

ಹೊಂದಲೇಬೇಕು ಮಂಜಣ್ಣ. ಎರಡೂ ಹಂತಕ್ಕೆ ಸಮ ಭಾರ ಬಿದ್ದಾಗ ಒಟ್ಟು ಕೆಲಸ ಅತಿ ಕಡಿಮೆ. ಅದಕ್ಕೇ 8ರ ವರ್ಗಮೂಲ. ಆ ಗೇಜ್ ಮೇಲೆ ಕಣ್ಣಿಡಿ. ಟ್ಯಾಂಕ್ ಒತ್ತಡ ಅಷ್ಟೇ ಇದ್ದು ನಡುವಿನ ಗೇಜ್ ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಎರಡನೇ ಹಂತದ ವಾಲ್ವ್ ಸೋರುತ್ತಿದೆ ಅಂತ ಅರ್ಥ. ಇಳಿದರೆ ಮೊದಲನೇ ಹಂತದ ಕಡೆ ನೋಡಿ.

ಪೀಣ್ಯ_ಮಂಜಣ್ಣ

ಇದು ಕೆಲಸಕ್ಕೆ ಬರೋ ಮಾತು. ಇಂಟರ್‌ಕೂಲರ್ ಡ್ರೈನ್ ಬಿಚ್ಚಿದರೆ ಮಳೆಗಾಲದಲ್ಲಿ ನೀರು ಸುರಿಯುತ್ತೆ. ಟರ್ಬೈನಿನಲ್ಲೂ ಹಾಗೇನಾ?

ಟರ್ಬೈನ್_ರಾಯರು

ಹಾಗೇ. ಒತ್ತಡ ಏರಿದ ಗಾಳಿಯನ್ನು ಹಳೇ ತಾಪಮಾನಕ್ಕೆ ಇಳಿಸಿದರೆ ಅಷ್ಟು ತೇವ ಹಿಡಿದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ಇಂಟರ್‌ಕೂಲರ್ ಆದ ಮೇಲೆ ಹನಿ ಹಿಡಿಯುವ ವ್ಯವಸ್ಥೆ ಬೇಕು. ಹನಿಗಳು ಎರಡನೇ ಕಂಪ್ರೆಸರಿನ ಬ್ಲೇಡಿಗೆ ಹೊಡೆಯುತ್ತಾ ಇದ್ದರೆ ಬ್ಲೇಡಿನ ಅಂಚು ಸವೆಯುತ್ತದೆ.

ಅನುಷಾ_ಜಲಹಳ್ಳಿ

ಎರಡನ್ನೂ ಒಟ್ಟಿಗೆ ಹಾಕಿದ ಯಂತ್ರದ ಕಥೆ ಯಾರೂ ಹೇಳಿಲ್ಲ. ಬ್ರಿಟಿಷ್ ನೌಕಾಪಡೆಯ ಟೈಪ್ 45 ಹಡಗುಗಳಲ್ಲಿ ರೋಲ್ಸ್ ರಾಯ್ಸ್‌ನ ಡಬ್ಲ್ಯುಆರ್-21 ಇದೆ. ಇಂಟರ್‌ಕೂಲರ್, ರೀಜನರೇಟರ್ ಎರಡೂ ಇರುವ ಟರ್ಬೈನ್. ಯುದ್ಧನೌಕೆ ಹೆಚ್ಚಿನ ಸಮಯ ಅರ್ಧಕ್ಕಿಂತ ಕಡಿಮೆ ಪವರಿನಲ್ಲಿ ಓಡುತ್ತದೆ. ಅಲ್ಲಿ ಸಾದಾ ಟರ್ಬೈನ್ ಇಂಧನ ಕುಡಿಯುತ್ತದೆ. ಇದರಲ್ಲಿ ಪವರ್ ಟರ್ಬೈನಿನ ಮುಂದಿನ ವೇನ್‌ಗಳನ್ನು ತಿರುಗಿಸಿ, ಪವರ್ ಇಳಿದರೂ ಹೊಗೆ ಬಿಸಿಯಾಗೇ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಆಗ ರೀಜನರೇಟರಿಗೆ ಸದಾ ಕೆಲಸ ಇರುತ್ತದೆ. ಕಾಗದದ ಮೇಲೆ ಅದ್ಭುತ.

ಆದರೆ ಕೊಲ್ಲಿ ಕಡೆಯ ಬಿಸಿ ನೀರಿಗೆ ಹೋದಾಗ ಆ ಇಂಟರ್‌ಕೂಲರ್ ಮತ್ತು ರೀಜನರೇಟರ್ ಜೋಡಿಯೇ ತೊಂದರೆ ಕೊಟ್ಟಿತು. ಟರ್ಬೈನ್ ಪವರ್ ಬಿದ್ದಾಗ ಉಳಿದ ಡೀಸೆಲ್ ಜನರೇಟರುಗಳಿಗೆ ಭಾರ ತಡೆಯಲಾಗದೆ ಹಡಗೇ ಕತ್ತಲಾಗುತ್ತಿತ್ತು. ಕೊನೆಗೆ 2 ಡೀಸೆಲ್ ಜನರೇಟರ್ ತೆಗೆದು 3 ದೊಡ್ಡವನ್ನು ಕೂರಿಸುವ ಯೋಜನೆ ಹಾಕಿಕೊಂಡರು. ಸೂತ್ರ ಚೆನ್ನಾಗಿದ್ದ ಮಾತ್ರಕ್ಕೆ ಈ ಜೋಡಿಯನ್ನು ನಂಬಲು ನಾನು ತಯಾರಿಲ್ಲ.

ಟರ್ಬೈನ್_ರಾಯರು

ಅನುಷಾ ಅವರೇ, ಆ ಒಂದು ಹಡಗಿನಿಂದ ಜೋಡಿಯನ್ನೇ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ತಣಿಸುವ ನೀರೇ ಬಿಸಿಯಾದಾಗ ಮೆಲ್ಲಗೆ ಪವರ್ ಇಳಿಸಿಕೊಂಡು ಓಡುವ ಹಾಗೆ ಇರಬೇಕಿತ್ತು. ಅದು ವಿನ್ಯಾಸದ ಪ್ರಶ್ನೆ. ಇಂಟರ್‌ಕೂಲರ್ ಮಾತ್ರ ಇರುವ ಜಿಇ ಕಂಪನಿಯ ಎಲ್‌ಎಂಎಸ್100 ನೋಡಿ. ಸುಮಾರು 100 ಮೆಗಾವ್ಯಾಟ್, ಪ್ರೆಶರ್ ರೇಶಿಯೋ 40ರ ಮೇಲೆ. ಅಷ್ಟು ಒತ್ತಡಕ್ಕೆ ಒಂದೇ ಉಸಿರಿನಲ್ಲಿ ಹೋದರೆ ಕಂಪ್ರೆಸರಿನ ಕೊನೆಯ ಹಂತಗಳು ಬಿಸಿಗೆ ತಡೆಯುವುದು ಕಷ್ಟ. ಟರ್ಬೈನ್ ಬ್ಲೇಡ್ ತಣಿಸಲು ಕಳಿಸುವ ಗಾಳಿಯೂ ಬಿಸಿಯಾಗಿರುತ್ತದೆ. ನಡುವೆ ತಣಿಸಿದ್ದರಿಂದಲೇ ಆ ರೇಶಿಯೋಗೆ ಹೋಗಲು ಆಯಿತು. ರೀಜನರೇಟರಿನ ಮಾತೇ ಅಲ್ಲಿ ಇಲ್ಲ, ಗಡಿ ದಾಟಿ ಎಷ್ಟೋ ಆಚೆ ಇದೆ.

ಅನುಷಾ_ಜಲಹಳ್ಳಿ

ಒಪ್ಪುತ್ತೇನೆ. ಆದರೆ ಅದು ನೆಲದ ಮೇಲೆ ಕೂತ ಯಂತ್ರ, ಇಂಟರ್‌ಕೂಲರನ್ನು ಪಕ್ಕದಲ್ಲಿ ಎಷ್ಟು ದೊಡ್ಡದಾಗಿ ಬೇಕಾದರೂ ಕಟ್ಟಬಹುದು. ಹಡಗಿನ ಹೊಟ್ಟೆಯಲ್ಲಿ ಜಾಗ ಎಲ್ಲಿದೆ? ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಿರಣ್_ಆರ್‌ಆರ್‌ನಗರ

ನಾನು ರಾತ್ರಿ ಕೂತು ಲೆಕ್ಕ ಮಾಡಿದೆ. ರೀಜನರೇಟರ್ ಇಲ್ಲದೆಯೂ ಇಂಟರ್‌ಕೂಲರಿನಿಂದ ದಕ್ಷತೆ ಏರಬಹುದು ಅಂತ ಈಗ ತೋರಿಸುತ್ತೇನೆ. ನೀವೆಲ್ಲ ನಷ್ಟ ಇಲ್ಲದ ಯಂತ್ರ ಹಿಡಿದುಕೊಂಡಿದ್ದೀರಿ. ಕಂಪ್ರೆಸರ್ ಶೇ 85, ಟರ್ಬೈನ್ ಶೇ 87 ಅಲ್ಲ, 88 ಇಡಿ. ಒಂದೇ ಹಂತದಲ್ಲಿ ದಕ್ಷತೆ ಶೇ 31.7. ಸಮ ಹಂತ ಮಾಡಿ ತಣಿಸಿದರೆ ಶೇ 30.6, ಇಳಿಯಿತು, ಸರಿ. ಆದರೆ ಹಂತ ಸಮ ಯಾಕೆ ಇರಬೇಕು? ಮೊದಲ ಹಂತ 1.5ಕ್ಕೇ ನಿಲ್ಲಿಸಿ ತಣಿಸಿ, ಉಳಿದ 5.33ನ್ನು ಎರಡನೇ ಹಂತಕ್ಕೆ ಬಿಡಿ. ಶೇ 32.2 ಬರುತ್ತದೆ. ಏರಿತಲ್ಲ?

ರಾಯರ ಪುಟ್ಟ ಸೈಕಲ್ ಮಾತಿನಿಂದಲೇ ಇದು ಹೊಳೆಯಿತು. ಬೇಗ ತಣಿಸಿದರೆ ಅಂಟಿಸಿದ ಸೈಕಲಿನ ರೇಶಿಯೋ 2.83 ಅಲ್ಲ, 5.33. ಅದರ ದಕ್ಷತೆ ದೊಡ್ಡದಕ್ಕೆ ಹತ್ತಿರ ಬರುತ್ತದೆ.

ಹಳೇ_ಮೇಷ್ಟ್ರು

ಭೇಷ್ ಕಿರಣ್. ಇದು ನಿಜವಾಗಿ ಒಳ್ಳೇ ಅಂಶ. ನಷ್ಟ ಇಲ್ಲದ ಯಂತ್ರದಲ್ಲಿ ಇದು ಎಂದಿಗೂ ಆಗುವುದಿಲ್ಲ, ಅಲ್ಲಿ 1.5ಕ್ಕೆ ತಣಿಸಿದರೂ 44.8ರಿಂದ 44.3ಕ್ಕೆ ಇಳಿಯುತ್ತದೆ. ನಷ್ಟ ಇದ್ದಾಗ ದೊಡ್ಡ ಸೈಕಲಿನ ದಕ್ಷತೆಯೇ ಕೆಳಗೆ ಬಿದ್ದಿರುತ್ತದೆ. ಹಾಗಾಗಿ ಪುಟ್ಟದು ಅದನ್ನು ಮೀರುವ ಸಾಧ್ಯತೆ ಇದೆ.

ಟರ್ಬೈನ್_ರಾಯರು

ಲೆಕ್ಕ ಸರಿ ಇದೆ. ಆದರೆ 1.5ರಲ್ಲಿ ಗಾಳಿ ಹೊರಗಿನದಕ್ಕಿಂತ ಬರೀ 43 ಡಿಗ್ರಿ ಬಿಸಿ ಇರುತ್ತದೆ. ಅದನ್ನು ಪೂರ್ತಿ 300ಕ್ಕೆ ಇಳಿಸಲು ತಣಿಸುವ ನೀರು 300ಕ್ಕಿಂತ ತಣ್ಣಗಿರಬೇಕು, ಇಂಟರ್‌ಕೂಲರ್ ಬಹಳ ದೊಡ್ಡದಿರಬೇಕು. ಅದರೊಳಗೆ ಬೀಳುವ ಒತ್ತಡವನ್ನೂ ಹಾಕಿ ನೋಡಿ.

ಸಹನಾ_ಬಸವನಗುಡಿ

ಹಾಕಿದೆ ಸರ್. ಇಂಟರ್‌ಕೂಲರಿನಲ್ಲಿ ಶೇ 2 ಒತ್ತಡ ಬಿದ್ದರೆ ಕಿರಣ್ ಅವರ 32.2 ಹೋಗಿ 32.0 ಆಗುತ್ತದೆ. ಶೇ 4 ಬಿದ್ದರೆ 31.7. ಅಂದರೆ ಇಂಟರ್‌ಕೂಲರ್ ಇಲ್ಲದಾಗ ಎಷ್ಟಿತ್ತೋ ಅಷ್ಟೇ. ಅದೇ ನಷ್ಟಗಳಿಟ್ಟು, ಸಮ ಹಂತ ಮತ್ತು ಶೇ 80 ರೀಜನರೇಟರ್ ಹಾಕಿದರೆ ಶೇ 45.8 ಬರುತ್ತದೆ. ಇದಕ್ಕೆ ಒತ್ತಡ ನಷ್ಟ ಇನ್ನೂ ಹಾಕಿಲ್ಲ.

ಟರ್ಬೈನ್_ರಾಯರು

ಅದಕ್ಕೂ ಹಾಕಿ. ಗಾಳಿ ಕಡೆ, ಹೊಗೆ ಕಡೆ ಎಲ್ಲ ಸೇರಿ ಶೇ 8 ಹೋದರೆ ಟರ್ಬೈನಿನ ಕೆಲಸ ಕೆಜಿಗೆ 15 ಕಿಲೋಜೂಲ್ ಕಡಿಮೆ ಆಗುತ್ತದೆ. ನೋಡಲು ಸಣ್ಣದು, ಆದರೆ ಅದು ನೇರ ನಿವ್ವಳ ಕೆಲಸದಿಂದಲೇ ಹೋಗುತ್ತದೆ. ಜೊತೆಗೆ ಯಂತ್ರ ದಿನಾ ನಿಂತು ಶುರುವಾಗುತ್ತಿದ್ದರೆ ರೀಜನರೇಟರಿನ ತೆಳು ತಗಡು ಹಿಗ್ಗಿ ಕುಗ್ಗಿ ಬೆಸುಗೆಯ ಹತ್ತಿರ ಸೀಳುತ್ತದೆ. ಆಗ 8 ಬಾರ್ ಗಾಳಿ ಟರ್ಬೈನ್ ನೋಡದೆ ಸೀದಾ ಚಿಮಣಿಗೆ ಹೋಗುತ್ತದೆ. ಒಳಗೆ ಹೋಗುವ ಗಾಳಿ ಅಷ್ಟೇ ಇದ್ದು, ಟರ್ಬೈನ್ ಬಾಯಿಯ ತಾಪಮಾನವೂ ಅಷ್ಟೇ ಇದ್ದು, ಪವರ್ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಕಂಪ್ರೆಸರ್ ತೊಳೆದು ನೋಡಿ. ತೊಳೆದ ಮೇಲೂ ಪವರ್ ಮೇಲೇಳದಿದ್ದರೆ ಮೊದಲ ಅನುಮಾನ ಅಲ್ಲಿಗೇ.

ಕಿರಣ್_ಆರ್‌ಆರ್‌ನಗರ

ಶೇ 4 ಅನ್ನುವುದು ಜಾಸ್ತಿ ಆಯಿತು ರಾಯರೇ. ಗಾಳಿಗೇ ನೀರು ಸಿಂಪಡಿಸಿ ತಣಿಸಿದರೆ? ಆಗ ಕೊಳವೆಯೂ ಇಲ್ಲ, ಒತ್ತಡ ನಷ್ಟವೂ ಹೆಚ್ಚಿಲ್ಲ.

ಟರ್ಬೈನ್_ರಾಯರು

ಅದು ಬಳಕೆಯಲ್ಲೇ ಇದೆ. ಎಲ್‌ಎಂ6000ರ ಸ್ಪ್ರಿಂಟ್ ಮಾದರಿಯಲ್ಲಿ ಎರಡು ಕಂಪ್ರೆಸರುಗಳ ನಡುವೆ ಶುದ್ಧ ನೀರಿನ ಮಂಜು ಬಿಡುತ್ತಾರೆ. ಪವರ್ ಜಾಸ್ತಿ ಸಿಗುತ್ತದೆ. ದಕ್ಷತೆಯ ಲೆಕ್ಕ ಮಾತ್ರ ನಿಮ್ಮದರಂತೆ ಸಾದಾ ಗಾಳಿಯಲ್ಲಿ ಮಾಡಲು ಬರುವುದಿಲ್ಲ. ಆ ನೀರನ್ನೂ ಆವಿಯಾಗಿ ಕಂಬಸ್ಟರಿನಲ್ಲಿ ಬಿಸಿ ಮಾಡಬೇಕು, ಅದು ಟರ್ಬೈನಿನಲ್ಲಿ ಕೆಲಸವನ್ನೂ ಕೊಡುತ್ತದೆ. ಏರುತ್ತದೋ ಇಳಿಯುತ್ತದೋ ಅನ್ನುವುದು ಎಷ್ಟು ನೀರು, ಎಲ್ಲಿ ಸಿಂಪಡಿಸಿದಿರಿ ಅನ್ನುವುದರ ಮೇಲೆ.

ಕಿರಣ್_ಆರ್‌ಆರ್‌ನಗರ

ಹಾಗಾದರೆ ಆವಿಯನ್ನೂ ಸೇರಿಸಿ ಲೆಕ್ಕ ಮಾಡುತ್ತೇನೆ. 1.5ರಲ್ಲಿ ಬೇಡ, 2ರಲ್ಲಿ ಸಿಂಪಡಿಸುತ್ತೇನೆ. ಅಲ್ಲಿ ಗಾಳಿ ಸ್ವಲ್ಪ ಬಿಸಿ ಇರುತ್ತದೆ, ನೀರು ಬೇಗ ಆರುತ್ತದೆ. ಸಹನಾ, ನಿಮ್ಮ ಗ್ರಾಫಿನ ಫೈಲ್ ಹಾಕ್ತೀರಾ?

ಸಹನಾ_ಬಸವನಗುಡಿ

ಹಾಕುತ್ತೇನೆ. ಒತ್ತಡ ನಷ್ಟಕ್ಕೆ ಬೇರೆ ಕಾಲಂ ಮಾಡಿದ್ದೇನೆ, ಅದನ್ನು ಸೊನ್ನೆ ಮಾಡಬೇಡಿ.